ಗುಳಿಯನ್ನು ಗುಳ್ಳೆ ಮಾಡಿದ ಹಸಿರು

ನಮ್ಮ ಟೀಮ್ ಲೀಡ್‌ಗೆ ಕನ್ನಡ ನೆನಪಾಗುತ್ತಿದ್ದುದು ನನಗೆ ಬೈಯಬೇಕಾದಾಗ ಮಾತ್ರ. ಅವರು ಮೈಸೂರಿನವರು, ನಾನು ದಾವಣಗೆರೆಯವಳು. ನೋಯ್ಡಾದ ಆ ಗೇಮ್ ಸ್ಟುಡಿಯೋದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಹೊಗಳುವುದಿದ್ದರೆ ಇಡೀ ಫ್ಲೋರಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು, ಕೆಲಸ ಹೇಳುವುದಿದ್ದರೆ ಹಿಂದಿ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಮೆಲ್ಲಗೆ "ನೋಡಮ್ಮ..." ಅಂದರೆ ಮುಗೀತು, ಮಂಗಳಾರತಿ ಶುರು. ಮರ್ಯಾದೆ ಕಾಪಾಡುತ್ತಿದ್ದೇನೆ ಎಂದು ಅವರು ತಿಳಿದಿದ್ದರೋ ಏನೋ. ನನಗಂತೂ ಮೈ ಉರಿಯುತ್ತಿತ್ತು. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಕಿವಿಗೆ ಬೀಳುವ ಒಂದೇ ಕನ್ನಡ ಬೈಗುಳದ್ದಾಗಬೇಕೆ?

ಆ ಚಳಿಗಾಲದಲ್ಲಿ ನಾವು ಮಾಡುತ್ತಿದ್ದುದು ದೆಹಲಿಯ ಗಲ್ಲಿಗಳಲ್ಲಿ ಓಡುವ ಒಂದು ಮೊಬೈಲ್ ಗೇಮ್. ಆಡುವವನು ಓಡುತ್ತಾನೆ, ಸೈಕಲ್ ರಿಕ್ಷಾಗಳ ಮೇಲೆ ಹಾರುತ್ತಾನೆ, ಸುಸ್ತಾದಾಗ ಒಂದು ಚಹಾ ಗಾಡಿಯ ಮುಂದೆ ನಿಲ್ಲುತ್ತಾನೆ. ಗಾಡಿಯವಳು ಚಹಾ ಕೊಟ್ಟರೆ ಮತ್ತೆ ಶಕ್ತಿ ಬರುತ್ತದೆ. ಆ ಚಹಾದವಳನ್ನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗೇಮಿನಲ್ಲಿ ಪರದೆಯ ತುಂಬ ಮುಖ ಕಾಣಿಸಿಕೊಳ್ಳುವವಳು ಅವಳೊಬ್ಬಳೇ. ಉಳಿದವರೆಲ್ಲ ಬೆನ್ನು ತೋರಿಸಿ ಓಡುವವರು.

ಮಾದರಿಗಾಗಿ ನಾನು ಎಲ್ಲೂ ಹುಡುಕಬೇಕಾಗಿರಲಿಲ್ಲ. ನಮ್ಮ ಕಟ್ಟಡದ ಗೇಟಿನ ಎದುರಿಗೇ ಒಬ್ಬ ಆಂಟಿ ಚಹಾ ಮಾರುತ್ತಿದ್ದರು. ಐವತ್ತು ದಾಟಿದವರು, ಬುಲಂದ್‌ಶಹರ್ ಕಡೆಯವರು. ಶುಂಠಿ ಜಜ್ಜುತ್ತಲೇ ಜಗಳವಾಡುವ, ಜಗಳವಾಡುತ್ತಲೇ ಬಿಸ್ಕತ್ತು ಕೊಡುವ ಹೆಂಗಸು. ಕೆನ್ನೆಯ ತುಂಬ ಚಿಕ್ಕ ಚಿಕ್ಕ ಗುಳಿಗಳು, ಗಲ್ಲದ ಮೇಲೆ ಒಂದು ದೊಡ್ಡದು. ಚಿಕ್ಕಂದಿನಲ್ಲಿ 'ಮಾತಾ', ಅಂದರೆ ಸಿಡುಬು, ಬಂದಿತ್ತಂತೆ. ನಮ್ಮಲ್ಲೂ 'ಅಮ್ಮ' ಎಂದೇ ಅನ್ನುತ್ತೇವೆ ಎಂದಾಗ ಅವರಿಗೆ ಭಾರಿ ಖುಷಿಯಾಗಿತ್ತು. ಅವರ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅದು ಹಾಗೆಯೇ ಉಳಿದಿದೆ.

"ಆಂಟಿ, ನಿಮ್ಮ ಮುಖಾನ ನಮ್ಮ ಗೇಮಲ್ಲಿ ಹಾಕ್ಲಾ?" ಎಂದು ಕೇಳಿದೆ.

"ನನ್ನ ಮುಖಾನಾ? ಯಾಕೆ, ಮಕ್ಕಳನ್ನ ಹೆದರಿಸೋಕಾ?"

"ಚಹಾ ಕೊಡೋಕೆ."

ಅವರು ಸೌಟು ಕೆಳಗಿಟ್ಟರು. "ಈ ಕಲೆಗಳನ್ನೂ ಹಾಕ್ತೀಯಾ?"

"ಹಾಕ್ಲೇಬೇಕು. ಇಲ್ಲಾಂದ್ರೆ ನೀವು ಹೇಗಾಗ್ತೀರಿ?"

ಆಗ ಅವರು ಹೇಳಿದ್ದು ಇದು. ಮದುವೆಯ ಸಮಯದಲ್ಲಿ ಫೋಟೋದವನು ಅವರ ಕೆನ್ನೆಯನ್ನು ಬ್ರಶ್ಶಿನಿಂದ ತಿದ್ದಿ ಹಾಲಿನ ಹಾಗೆ ನುಣ್ಣಗೆ ಮಾಡಿಬಿಟ್ಟಿದ್ದನಂತೆ. ಕಟ್ಟು ಹಾಕಿಸಿದ ಆ ಫೋಟೋ ಈಗಲೂ ಮನೆಯ ಗೋಡೆಯ ಮೇಲಿದೆ. ಮನೆಗೆ ಬಂದವರು ಇದು ಯಾರು, ನಿನ್ನ ತಂಗಿಯಾ ಎಂದು ಕೇಳುತ್ತಾರಂತೆ. "ಹೆತ್ತ ಮಗನೇ ಸಣ್ಣವನಿದ್ದಾಗ ಕೇಳಿದ, ಅಪ್ಪನ ಪಕ್ಕ ನಿಂತಿರೋದು ಯಾರಮ್ಮಾ ಅಂತ. ಮೂವತ್ತು ವರ್ಷದಿಂದ ಅವಳು ನನ್ನ ಮನೇಲಿ ಬಾಡಿಗೆ ಕೊಡದೆ ಕೂತಿದ್ದಾಳೆ. ನಂದು ಅನ್ನೋ ಹಾಗೆ ಒಂದೇ ಒಂದು ಫೋಟೋ ಇಲ್ಲ ನೋಡು. ಹಾಕು ಬೇಟಿ, ಎಲ್ಲ ಹಾಕು. ಒಂದೂ ಬಿಡ್ಬೇಡ."

ಶಾಲು ತೆಗೆದು ತಲೆಗೂದಲು ಹಿಂದಕ್ಕೆ ಕಟ್ಟಿ ನಿಂತರು. ನಾನು ಸುತ್ತ ತಿರುಗಿ ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆದೆ. ಅವರು ನನ್ನಿಂದ ಬೇಡಿದ್ದು ಅಷ್ಟೇ, ಅವರ ಮುಖ ಅವರದಾಗಿರಬೇಕು.

ಕಂಪ್ಯೂಟರಿನಲ್ಲಿ ಮೊದಲು ಮಾಡುವುದು ಜೇಡಿಮಣ್ಣಿನಲ್ಲಿ ಮಾಡಿದ ಹಾಗೆ. ಡಿಜಿಟಲ್ ಮಣ್ಣು, ಅಷ್ಟೇ. ಕಣ್ಣಂಚಿನ ಸುಕ್ಕು, ನಕ್ಕಾಗ ಬೀಳುವ ಗೆರೆ, ಒಂದೊಂದು ಗುಳಿ, ಎಲ್ಲವನ್ನೂ ಕೆತ್ತಿದೆ. ಅದಕ್ಕೆ ಹೈಪಾಲಿ ಎನ್ನುತ್ತೇವೆ. ಆ ತಲೆಯೊಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಮೀರಿ ಸಣ್ಣ ಸಣ್ಣ ತ್ರಿಕೋನಗಳಿರುತ್ತವೆ. ಅದನ್ನು ಹಾಗೇ ಅಗ್ಗದ ಫೋನಿಗೆ ಹಾಕಿದರೆ ಫೋನು ಅಲ್ಲೇ ಪ್ರಾಣ ಬಿಡುತ್ತದೆ. ಆದ್ದರಿಂದ ಅದೇ ಮುಖವನ್ನು ಕೆಲವೇ ಸಾವಿರ ತ್ರಿಕೋನಗಳಲ್ಲಿ ಮತ್ತೊಮ್ಮೆ ಕಟ್ಟಬೇಕು, ಅದು ಲೋಪಾಲಿ. ಮೂಗು ಮೂಗಿನ ಹಾಗೆ, ಗಲ್ಲ ಗಲ್ಲದ ಹಾಗೆ ಇರುತ್ತದೆ, ಚರ್ಮ ಮಾತ್ರ ಬೋಳು. ಆಮೇಲೆ ಬೇಕಿಂಗ್. ಒಂದರ ಮೇಲೊಂದನ್ನು ಕೂಡಿಸಿ, ಲೋಪಾಲಿಯ ಮೈಯ ಪ್ರತಿ ಚುಕ್ಕೆಯಿಂದ ಹೈಪಾಲಿಯ ಕಡೆಗೆ ಒಂದು ಕಿರಣ ಬಿಟ್ಟು, ಅಲ್ಲಿ ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಕಂಪ್ಯೂಟರು ಕೇಳಿ ತಿಳಿದುಕೊಳ್ಳುತ್ತದೆ. ಆ ದಿಕ್ಕುಗಳನ್ನೆಲ್ಲ ಒಂದು ಚಿತ್ರದಲ್ಲಿ ಬಣ್ಣವಾಗಿ ಬರೆದಿಡುತ್ತದೆ. ನೇರಳೆ ಮಿಶ್ರಿತ ನೀಲಿಯ ಆ ಚಿತ್ರವೇ ನಾರ್ಮಲ್ ಮ್ಯಾಪ್. ಅದರಲ್ಲಿ ಕೆಂಪು ಎಡ ಬಲದ ವಾಲಿಕೆ, ಹಸಿರು ಮೇಲು ಕೆಳಗಿನ ವಾಲಿಕೆ. ಫೋನು ಈ ಚಿತ್ರ ನೋಡಿಕೊಂಡು ಬೆಳಕು ನೆರಳು ಹಾಕುತ್ತದೆ. ಬೋಳು ಕೆನ್ನೆಯಲ್ಲಿ ಇಲ್ಲದ ಗುಳಿ ಕಾಣುತ್ತದೆ. ಮೋಸವೇ, ಆದರೆ ಒಳ್ಳೆಯ ಮೋಸ.

ಮುಖದ ಅರ್ಧ ಮಾತ್ರ ಮಾಡಿ ಇನ್ನರ್ಧಕ್ಕೆ ಅದನ್ನೇ ಕನ್ನಡಿಯ ಹಾಗೆ ತಿರುಗಿಸು, ಚಿತ್ರದಲ್ಲಿ ಜಾಗ ಉಳಿಯುತ್ತದೆ ಎಂದು ಲೀಡ್ ಹೇಳಿದ್ದರು. ನಾನು ಒಪ್ಪಲಿಲ್ಲ. ಬಲಗೆನ್ನೆಯ ಗುಳಿಗಳೇ ಎಡಗೆನ್ನೆಗೂ ಬಂದರೆ ಅದು ಆಂಟಿಯ ಮುಖವಾಗುವುದಿಲ್ಲ, ರಂಗೋಲಿಯಾಗುತ್ತದೆ. ಶಾಲಿನಲ್ಲಿ, ಗಾಡಿಯ ಚಕ್ರದಲ್ಲಿ ಜಾಗ ಉಳಿಸಿ ಪೂರಾ ಮುಖಕ್ಕೆ ಕೊಟ್ಟೆ. ಬೇಕ್ ಆದ ಮೇಲೆ ನನ್ನ ಪರದೆಯಲ್ಲಿ ತಿರುಗಿಸಿ ನೋಡಿದರೆ ಸಾಕ್ಷಾತ್ ಆಂಟಿ. ಇನ್ನೇನು ಚಿಲ್ಲರೆ ಇಲ್ಲವಾ ಎಂದು ಗದರುತ್ತಾರೆ ಅನ್ನಿಸಿತು.

ಮರುದಿನ ಅದು ಗೇಮಿಗೆ ಸೇರಿ ಟೆಸ್ಟಿಂಗ್ ಫೋನಿಗೆ ಬಂತು. ಸುತ್ತ ನಿಂತವರು ಕಿಸಕ್ಕೆಂದರು. ನೋಡಿದೆ. ಅಯ್ಯೋ ಕರ್ಮವೇ! ಕೆನ್ನೆಯ ತುಂಬ ಗುಳ್ಳೆಗಳು. ಒಂದೊಂದು ಗುಳಿಯೂ ಉಬ್ಬಿ ಕೀವು ತುಂಬಿದ ಹಾಗೆ ನಿಂತಿದೆ. ನಗುವಿನ ಗೆರೆಗಳು ಬಾಸುಂಡೆಗಳಾಗಿವೆ. ಗಲ್ಲದ ಮೇಲಿನ ದೊಡ್ಡ ಗುಳಿ ಹುಣಸೆ ಬೀಜದಷ್ಟು ದೊಡ್ಡ ಗಂಟಾಗಿದೆ. ಯಾರೋ ಒಬ್ಬ "ಫುನ್ಸಿ ಆಂಟಿ" ಎಂದ. ಫುನ್ಸಿ ಎಂದರೆ ಹಿಂದಿಯಲ್ಲಿ ಗುಳ್ಳೆ. ಸಂಜೆಯಷ್ಟರಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಹೀಗೆ ನಕ್ಕವರೇ ಕೆಳಗೆ ಹೋಗಿ ಅದೇ ಹೆಂಗಸಿನ ಕೈಯಿಂದ ಚಹಾ ಕುಡಿದು ಬಂದರು. ಇವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಲೀಡ್ ಕುರ್ಚಿ ಎಳೆದುಕೊಂಡು ಬಂದರು.

"ನೋಡಮ್ಮ, ಸ್ಕಲ್ಪ್ಟ್ ಮಾಡೋದು ಬರುತ್ತೆ ಅಂತ ಸಿಕ್ಕಿದ್ದೆಲ್ಲ ಕೆತ್ತೋದಲ್ಲ. ಇದೇನು, ಚರ್ಮ ರೋಗದ ಆಸ್ಪತ್ರೆ ನಡೆಸ್ತಿದ್ದೀವಾ ನಾವು?"

"ಸರ್, ಅವು ಗುಳಿಗಳು. ಉಬ್ಬಿ ಕಾಣ್ತಿರೋದು ನನ್ನ ತಪ್ಪಲ್ಲ. ನನ್ನ ಸಿಸ್ಟಮಲ್ಲಿ ಸರಿಯಾಗಿದೆ, ಬನ್ನಿ ತೋರಿಸ್ತೀನಿ."

"ನಿನ್ನ ಸಿಸ್ಟಮಲ್ಲಿ ಯಾರು ಗೇಮ್ ಆಡ್ತಾರೆ? ಫೋನಲ್ಲಿ ಸರಿಯಿಲ್ಲ ಅಂದ್ರೆ ಬೇಕ್ ಸರಿಯಿಲ್ಲ. ಕಲೆಯೆಲ್ಲ ಅಳಿಸಿ ನುಣ್ಣಗೆ ಮಾಡು. ಶುಕ್ರವಾರ ಕ್ಲೈಂಟಿಗೆ ಹೋಗಬೇಕು."

ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯಲ್ಲೂ ಎಲ್ಲರೂ ಹೇಳುವ ಮಾತು. ಅವತ್ತು ನೆತ್ತಿಗೇರಿತು. ಆದರೂ ಕೂತು ನನ್ನ ಕೆಲಸವನ್ನೇ ಮೊದಲು ಅನುಮಾನಿಸಿದೆ. ಕಿರಣಗಳು ಎಷ್ಟು ದೂರದಿಂದ ಹೊರಡಬೇಕು ಎಂಬುದನ್ನು ಮತ್ತೆ ನೋಡಿದೆ, ಸರಿಯಿತ್ತು. ಫೋನಿಗಾಗಿ ಚಿತ್ರವನ್ನು ಕುಗ್ಗಿಸುವಾಗ ಕೆಟ್ಟಿತೇ ಎಂದು ಕುಗ್ಗಿಸದೆ ಹಾಕಿ ನೋಡಿದೆ. ಗುಳ್ಳೆಗಳು ಇನ್ನೂ ಸ್ಪಷ್ಟವಾಗಿ ಕಂಡವು, ಬೇರೇನೂ ಆಗಲಿಲ್ಲ. ಕೊನೆಗೆ ಗೇಮಿನೊಳಗಿನ ಸೂರ್ಯನನ್ನೇ ಹಿಡಿದು ಅಲ್ಲಾಡಿಸಿದೆ. ನೆತ್ತಿಯ ಮೇಲಿದ್ದ ಬೆಳಕನ್ನು ಮುಖದ ಪಕ್ಕಕ್ಕೆ ತಂದೆ. ತಕ್ಷಣ ಗುಳ್ಳೆ ಹೋಗಿ ಗುಳಿಯಾಯಿತು. ಮತ್ತೆ ನೆತ್ತಿಗೆ ಒಯ್ದರೆ ಗುಳ್ಳೆ. ಎಡ ಬಲ ಸರಿಯಿದೆ, ಮೇಲು ಕೆಳಗು ಮಾತ್ರ ಅದಲು ಬದಲು.

ಹಸಿರು! ಈ ಹಸಿರಿನ ವಿಷಯದಲ್ಲಿ ನಮ್ಮ ಕಸುಬಿನಲ್ಲಿ ಎರಡು ಪಂಥ. ಕೆಲವು ಸಾಫ್ಟ್‌ವೇರುಗಳು ಹಸಿರು ಹೆಚ್ಚಿದ್ದರೆ ಮೇಲಕ್ಕೆ ವಾಲಿದೆ ಎಂದು ಓದುತ್ತವೆ, ಕೆಲವು ಕೆಳಕ್ಕೆ ಎಂದು. ಒಂದು ಪಂಥದ ಚಿತ್ರವನ್ನು ಇನ್ನೊಂದಕ್ಕೆ ಕೊಡುವಾಗ ಹಸಿರನ್ನು ತಿರುಗಿಸಬೇಕು. ತಿರುಗಿಸದಿದ್ದರೆ, ಅಥವಾ ತಿರುಗಿಸಬಾರದ ಕಡೆ ತಿರುಗಿಸಿದರೆ, ತಗ್ಗಿನ ಮೇಲಂಚಿಗೆ ನೆರಳು ಬೀಳುವ ಬದಲು ಬೆಳಕು ಬೀಳುತ್ತದೆ. ನೋಡುವ ಕಣ್ಣಿಗೆ ತಗ್ಗು ದಿಣ್ಣೆಯಾಗುತ್ತದೆ. ನಮ್ಮ ಗೇಮ್ ನಡೆಸುವ ಎಂಜಿನ್‌ಗೆ ಬೇಕಾದುದು ಮೇಲಕ್ಕೆ ಎನ್ನುವ ಪಂಥ. ಲೀಡೇ ಕಳಿಸಿದ್ದ ನಿಯಮದಲ್ಲಿ ಹಾಗೆಂದು ಇತ್ತು, ನಾನು ಹಾಗೆಯೇ ಬೇಕ್ ಮಾಡಿದ್ದೆ.

ಅನುಮಾನ ಬಗೆಹರಿಯಲೆಂದು ನೆಟ್ಟಗೆ ನಿಲ್ಲಿಸಿದ ಒಂದು ಸಪಾಟು ಹಲಗೆಯ ಮೇಲೆ ಇಡ್ಲಿಯನ್ನು ಬೋರಲು ಹಾಕಿದಂಥ ಒಂದು ಉಬ್ಬು ಕೆತ್ತಿ, ಬೇಕ್ ಮಾಡಿ, ಫೋನಿಗೆ ಕಳಿಸಿದೆ. ಸೂರ್ಯ ನೆತ್ತಿಯ ಮೇಲೆ. ಉಬ್ಬಿನ ತಲೆಗೆ ನೆರಳು, ಬುಡಕ್ಕೆ ಬೆಳಕು. ನನ್ನ ಇಡ್ಲಿ ಬಟ್ಟಲಾಗಿತ್ತು. ಅಂದರೆ ನನ್ನ ಮೇಜಿಗೂ ಫೋನಿಗೂ ನಡುವೆ ಯಾರೋ ಹಸಿರನ್ನು ತಿರುಗಿಸುತ್ತಿದ್ದಾರೆ.

ಫೈಲುಗಳನ್ನು ಗೇಮಿನೊಳಕ್ಕೆ ಎಳೆದುಕೊಳ್ಳುವ ಸ್ಕ್ರಿಪ್ಟನ್ನು ತೆರೆದೆ. ಇತ್ತು. ಒಂದೇ ಸಾಲು. ಬಂದ ಪ್ರತಿ ನಾರ್ಮಲ್ ಮ್ಯಾಪಿನ ಹಸಿರನ್ನೂ ತಿರುಗಿಸು. ಬರೆದವರು ನಮ್ಮ ಲೀಡ್. ಹಿಂದಿನ ಪ್ರಾಜೆಕ್ಟಿನಲ್ಲಿ ಎಲ್ಲರೂ ಕೆಳಕ್ಕೆ ಎನ್ನುವ ಪಂಥದಲ್ಲಿ ಬೇಕ್ ಮಾಡುತ್ತಿದ್ದಾಗ ಬೇಕಾಗಿದ್ದ ಸಾಲು ಅದು. ಹೊಸ ಗೇಮಿಗೆ ನಿಯಮ ಬದಲಾಯಿಸಿದವರೂ ಅವರೇ. ಸಾಲು ತೆಗೆಯಲು ಮರೆತವರೂ ಅವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇವರ ಮರೆವಿಗೆ ಆಂಟಿಯ ಕೆನ್ನೆ ಅಳಿಸಬೇಕಂತೆ!

ಹಾಗಾದರೆ ಇಷ್ಟು ದಿನ ಬೇರೆ ಯಾರಿಗೂ ಗೊತ್ತಾಗಲಿಲ್ಲವೇ? ಗೇಮಿನ ಗಲ್ಲಿಗಳಲ್ಲಿ ಫೋನು ಹಿಡಿದು ಓಡಿದೆ. ಇಟ್ಟಿಗೆ ಗೋಡೆಗಳಲ್ಲಿ ಇಟ್ಟಿಗೆಗಳ ನಡುವಿನ ಗಾರೆಯ ಅಡ್ಡ ಗೆರೆಗಳು ಒಳಗೆ ಇಳಿಯುವ ಬದಲು ಹೊರಗೆ ಉಬ್ಬಿದ್ದವು. ಅಂಗಡಿಗಳ ಶಟರಿನ ಪಟ್ಟಿಗಳು ತಲೆಕೆಳಗಾಗಿದ್ದವು. ತಿಂಗಳುಗಟ್ಟಲೆ ನಾವೆಲ್ಲ ಆ ಗೋಡೆಗಳನ್ನು ನೋಡಿದ್ದೆವು, ಒಬ್ಬರಿಗೂ ಕಾಣಿಸಿರಲಿಲ್ಲ. ಗೋಡೆ ಹೇಗಿದ್ದರೂ ಗೋಡೆ. ಮುಖ ಬಂದ ಮೇಲಷ್ಟೇ ತಪ್ಪು ಕಂಡದ್ದು, ಕಂಡ ಕೂಡಲೇ ಎಲ್ಲರೂ ಮುಖವನ್ನೇ ಬೈದರು.

ಲೀಡ್ ಮೇಜಿಗೆ ಹೋಗಿ ಬೋರಲಿಟ್ಟ ಇಡ್ಲಿ ತೋರಿಸಿದೆ, ಗೋಡೆ ತೋರಿಸಿದೆ, ಆ ಸಾಲು ತೋರಿಸಿದೆ. ಅವರು ಬಹಳ ಹೊತ್ತು ಪರದೆ ನೋಡಿದರು. ಅರ್ಥವಾಗದೆ ಅಲ್ಲ. ಅವರಿಗೆ ಈ ಕೆಲಸ ನನಗಿಂತ ಚೆನ್ನಾಗಿ ಗೊತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

"ಸರಿ. ಇರಬಹುದು. ಆದ್ರೆ ಈಗ ಆ ಸಾಲು ತೆಗೆದ್ರೆ ಎಲ್ಲ ಗೋಡೆ, ಎಲ್ಲ ಗಾಡಿ ಮತ್ತೆ ಒಳಗೆ ಎಳ್ಕೋಬೇಕು, ಮತ್ತೆ ಟೆಸ್ಟ್ ಮಾಡಬೇಕು. ಗೋಡೆ ಬಗ್ಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

"ಹಾಗಾದ್ರೆ ನನ್ನ ಒಂದು ಫೈಲನ್ನಾದ್ರೂ ಮೊದಲೇ ಉಲ್ಟಾ ಮಾಡಿ ಕೊಡ್ತೀನಿ. ಸ್ಕ್ರಿಪ್ಟ್ ತಿರುಗಿಸಿದಾಗ ಸರಿಯಾಗುತ್ತೆ."

"ಬೇಡ. ಬದಲಿ ಮುಖ ರೆಡಿಯಾಗಿದೆ."

ನನಗೆ ಹೇಳದೆ ಕೇಳದೆ, ಬೇರೊಬ್ಬನ ಕೈಯಲ್ಲಿ ನನ್ನ ಸ್ಕಲ್ಪ್ಟನ್ನು ತೆರೆಸಿ, ಗುಳಿಗಳಿದ್ದ ಪದರವನ್ನು ಆಫ್ ಮಾಡಿ, ನುಣ್ಣಗಿನ ಮುಖವನ್ನು ಮತ್ತೆ ಬೇಕ್ ಮಾಡಿಸಿದ್ದರು. ತಿರುಗಿಸಲು ಏನೂ ಇಲ್ಲದಿದ್ದರೆ ತಪ್ಪೂ ಕಾಣುವುದಿಲ್ಲವಲ್ಲ! ಸಾಲದ್ದಕ್ಕೆ ಚರ್ಮದ ಬಣ್ಣವನ್ನೂ ಬೆಳ್ಳಗೆ ಮಾಡಿಸಿದ್ದರು. ಮ್ಯಾನೇಜರಿಗೆ ತೋರಿಸಿಯೂ ಆಗಿತ್ತು, ಅವರು ಭೇಷ್ ಎಂದೂ ಆಗಿತ್ತು.

"ಸರ್, ಅವರ ಮುಖ ಹಾಕ್ತೀನಿ ಅಂತ ಹೇಳಿ ಫೋಟೋ ತೆಗೆದಿದ್ದೀನಿ. ಎಲ್ಲ ಹಾಕು ಅಂದಿದ್ದಾರೆ ಅವರು." ನನ್ನ ದನಿ ಏರಿತ್ತು. ಕನ್ನಡ ಬರದವರೆಲ್ಲ ತಲೆಯೆತ್ತಿ ನೋಡುತ್ತಿದ್ದರು.

"ನೋಡಮ್ಮ, ಯಾವ ಹೆಂಗಸು ತನ್ನ ಕಲೆ ಇರಲಿ ಅಂತಾಳೆ? ಸುಮ್ನೆ ಹಾಗಂದಿರ್ತಾರೆ. ಚೆನ್ನಾಗಿ ತೋರಿಸಿದ್ರೆ ಖುಷಿಯಾಗ್ತಾರೆ. ಬೇಕಾದ್ರೆ ಬಾ, ಅವರನ್ನೇ ಕೇಳೋಣ. ಚಲೋ."

"ನಡೀರಿ, ಕೇಳೇ ಬಿಡೋಣ," ಎಂದೆ. ಲಿಫ್ಟಿನಲ್ಲಿ ಕೆಳಗಿಳಿದೆವು. ನನಗೆ ಒಳಗೊಳಗೇ ಭಯ. ಆಂಟಿ ನಿಜಕ್ಕೂ ಹಿಗ್ಗಿಬಿಟ್ಟರೆ? ಅಯ್ಯೋ ಎಷ್ಟು ಚೆಂದ ಎಂದುಬಿಟ್ಟರೆ? ಆಮೇಲೆ ನನ್ನ ಬಾಯಿಗೆ ಬೀಗ, ಈ ಮನುಷ್ಯನಿಗೆ ಜನ್ಮವಿಡೀ ಮೀಸೆ ತಿರುವಲು ಒಂದು ಕತೆ.

ನಡುಮಧ್ಯಾಹ್ನವಾದರೂ ಹೊಗೆಮಂಜು ಕರಗಿರಲಿಲ್ಲ. ಆಂಟಿ ಪಾತ್ರೆಯಲ್ಲಿ ಹಾಲು ಉಕ್ಕದಂತೆ ನೋಡುತ್ತಿದ್ದರು. ಸುತ್ತ ನಮ್ಮ ಆಫೀಸಿನವರೇ ಗ್ಲಾಸು ಹಿಡಿದು ನಿಂತಿದ್ದರು. ಲೀಡ್ ನಗುನಗುತ್ತ ಎರಡು ಚಹಾ ಎಂದು ಹೇಳಿ, ಫೋನನ್ನು ಅವರ ಮುಂದೆ ಹಿಡಿದರು. "ಆಂಟೀಜಿ, ನೋಡಿ, ನೀವು ಹೀರೋಯಿನ್ ಆಗಿಬಿಟ್ರಿ."

ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಕಣ್ಣು ಕಿರಿದಾಗಿಸಿ ನೋಡಿದರು. ಪರದೆಯ ಮೇಲೆ ಅವರದೇ ಗಾಡಿ, ಅವರದೇ ಶಾಲು, ಅವರದೇ ನೀಲಿ ಬರ್ನರು. ಅವುಗಳ ನಡುವೆ ಹಾಲಿನ ಬಣ್ಣದ ನುಣುಪು ಕೆನ್ನೆಯವಳೊಬ್ಬಳು ಚಹಾ ಚಾಚಿ ನಿಂತಿದ್ದಳು. ಅವರು ನನ್ನ ಕಡೆ ತಿರುಗಿದರು. ನಾನು ತಲೆ ಅಡ್ಡಡ್ಡ ಆಡಿಸಿದೆ, ಇದು ನಾನು ಮಾಡಿದ್ದಲ್ಲ ಎಂದು.

"ಅಚ್ಛಾ," ಎಂದರು ಆಂಟಿ, ಫೋನಿನಲ್ಲಿದ್ದವಳಿಗೇ ಹೇಳುವ ಹಾಗೆ. "ಇಲ್ಲಿಗೂ ಬಂದ್ಯಾ ನೀನು? ಮನೆ ಗೋಡೆ ಸಾಲಲಿಲ್ವಾ?"

ಲೀಡ್‌ಗೆ ತಲೆಬುಡ ತಿಳಿಯಲಿಲ್ಲ. "ಯಾರು ಆಂಟೀಜಿ? ಅದು ನೀವೇ."

"ನಾನು ಇಲ್ಲಿದ್ದೀನಿ ಸಾಬ್." ಅವರು ತಮ್ಮ ಕೆನ್ನೆಯ ಮೇಲೆ ಬೆರಳಿಟ್ಟರು. ಶುಂಠಿಯ ತುಣುಕೊಂದು ಅಲ್ಲಿ ಅಂಟಿಕೊಂಡಿತು. "ನನ್ನ ಕೇಳಿದ್ರೆ ಸಾಕಿತ್ತು, ಬೇಡ ಅಂದಿರ್ತಿದ್ದೆ. ಮುಖಾನೂ ಹಾಕ್ಬೇಡಿ, ಗಾಡೀನೂ ಹಾಕ್ಬೇಡಿ ಅಂದಿರ್ತಿದ್ದೆ. ನನ್ನ ಗಾಡಿ ಮುಂದೆ ಇವಳನ್ನ ನಿಲ್ಲಿಸೋಕೆ ನಿಮಗ್ಯಾರು ಹೇಳಿದ್ರು?"

ಗ್ಲಾಸು ಹಿಡಿದು ನಿಂತವರಲ್ಲಿ ಒಬ್ಬನೂ ನಗಲಿಲ್ಲ. ಫುನ್ಸಿ ಎಂದು ಹೆಸರಿಟ್ಟವನು ಬೂಟು ನೋಡಿಕೊಳ್ಳುತ್ತಿದ್ದ. ಆಂಟಿ ಒಂದು ಗ್ಲಾಸಿಗೆ ಚಹಾ ಸೋಸಿ ನನ್ನ ಕೈಗಿಟ್ಟರು. ಎರಡನೆಯ ಗ್ಲಾಸನ್ನು ಬೋರಲು ಹಾಕಿದರು. ಲೀಡ್ ಚಾಚಿದ್ದ ಕೈಗೆ ಫೋನನ್ನು ವಾಪಸು ಇಟ್ಟರು.

"ಚಹಾ ಅವಳ ಹತ್ರಾನೇ ಕೇಳಿ," ಎಂದರು.

ಫೋನಿನಲ್ಲಿ ಆ ನುಣುಪು ಹೆಂಗಸು ಗ್ಲಾಸು ಚಾಚಿ, ಹಿಂತೆಗೆದು, ಮತ್ತೆ ಚಾಚುತ್ತಲೇ ಇದ್ದಳು. ಲೀಡ್ ಫೋನನ್ನು ಜೇಬಿಗೆ ಹಾಕಿಕೊಂಡು ಮೇಲಕ್ಕೆ ಹೋದರು. ನಾನು ಚಹಾ ಪೂರ್ತಿ ಕುಡಿದು ಹೋದೆ, ಬೇಕೆಂದೇ ನಿಧಾನವಾಗಿ. ಹೋಗಿ ನೋಡುವಷ್ಟರಲ್ಲಿ ಸ್ಕ್ರಿಪ್ಟಿನಲ್ಲಿ ಆ ಸಾಲು ಇರಲಿಲ್ಲ. ಗೋಡೆ, ಗಾಡಿ, ಶಟರು, ನಾನು ಮಾಡಿದ್ದ ಗುಳಿಗಳ ಮುಖ, ಎಲ್ಲ ಮತ್ತೊಮ್ಮೆ ಒಳಬರುತ್ತಿದ್ದವು. ಕ್ಲೈಂಟಿಗೆ ಸೋಮವಾರ ಕಳಿಸುತ್ತೇವೆ ಎಂದು ಅವರೇ ಇಂಗ್ಲಿಷಿನಲ್ಲಿ ಮೇಲ್ ಹಾಕಿದ್ದರು, ತಾಂತ್ರಿಕ ಕಾರಣ ಎಂದು ಬರೆದಿದ್ದರು. ಯಾರ ಕಾರಣ ಎಂದು ಬರೆದಿರಲಿಲ್ಲ. ನನಗೆ 'ಸಾರಿ' ಎಂಬ ಒಂದು ಮಾತೂ ಬರಲಿಲ್ಲ, ಯಾವ ಭಾಷೆಯಲ್ಲೂ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ, ಹೋಗಲಿ ಎಂದು ನನಗೂ ಅನ್ನಿಸಿಲ್ಲ.

ಸೋಮವಾರ ಬೆಳಿಗ್ಗೆ ನಾನು ಫೋನನ್ನು ಆಂಟಿಯ ಕೈಗೆ ಕೊಟ್ಟೆ. ಅವರು ಕೆನ್ನೆಯ ಗುಳಿಗಳ ಮೇಲೆಲ್ಲ ಬೆರಳಾಡಿಸಿದರು, ಪರದೆಯ ಮೇಲಿನ ಮುಖ ಒಮ್ಮೆ ಹಿಗ್ಗಿತು, ಒಮ್ಮೆ ಕುಗ್ಗಿತು. ಆಮೇಲೆ ಫೋನು ವಾಪಸು ಕೊಡದೆ ಗಾಡಿಯ ಕೆಳಗಿನ ಚೀಲದಿಂದ ತಮ್ಮ ಒಡೆದ ಗಾಜಿನ ಫೋನು ತೆಗೆದು ನನಗೆ ಕೊಟ್ಟರು.

"ಇದರಲ್ಲಿ ಇವಳ ಒಂದು ಫೋಟೋ ತೆಗೆದುಕೊಡು ಬೇಟಿ," ಎಂದರು. "ದೊಡ್ಡದು ಮಾಡಿಸಬೇಕು. ಕಟ್ಟು ಮನೇಲೇ ಇದೆ."